ಗ್ವಾದಲಿಗೆ ಹಾಕಿದ ಕೆಂಪು ಗೆರೆ



ನಮ್ಮ ಧರ್ಮಕೇಂದ್ರಗಳಲ್ಲಿ ಬೈಬಲ್ ರಸಪ್ರಶ್ನೆ ನಡೆಯುವಾಗಲೆಲ್ಲ ಪ್ರಶ್ನೆಪತ್ರಿಕೆಯ ಮೇಲ್ಭಾಗದಲ್ಲಿ ಎರಡು ವಾಕ್ಯಗಳು ತಪ್ಪದೆ ಅಚ್ಚಾಗಿರುತ್ತವೆ. ಉತ್ತರಗಳನ್ನು ಪವಿತ್ರ ಗ್ರಂಥದಲ್ಲಿರುವಂತೆಯೇ ಬರೆಯತಕ್ಕದ್ದು ಎಂಬುದು ಮೊದಲನೆಯದು. ತೀರ್ಪುಗಾರರ ತೀರ್ಮಾನವೇ ಅಂತಿಮ ಎಂಬುದು ಎರಡನೆಯದು. ಹಲವು ವರ್ಷಗಳ ಕಾಲ ನಾನೂ ಈ ಎರಡು ವಾಕ್ಯಗಳ ಮರೆಯಲ್ಲಿ ಕುಳಿತು ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದಿದವನೇ. ಈ ಎರಡೂ ವಾಕ್ಯಗಳನ್ನು ಇನ್ನು ಅಚ್ಚು ಹಾಕಬಾರದು, ಹಾಕಿದರೆ ಅವುಗಳ ಅರ್ಥವನ್ನಾದರೂ ತಿಳಿದು ಹಾಕಬೇಕು ಎಂದು ವಾದಿಸುವ ಸಲುವಾಗಿಯೇ ಇಂದು ಲೇಖನಿ ಹಿಡಿದಿದ್ದೇನೆ. ಒಂದು ಅಂಕದ ಪ್ರಶ್ನೆಗೆ ಇಷ್ಟು ದೀರ್ಘವಾದ ಲೇಖನವೇ ಎಂದು ನೀವು ನಗಬಹುದು. ಆ ಒಂದು ಅಂಕವನ್ನು ಕಳೆದುಕೊಂಡ ಮಗುವಿನ ತಂದೆ ನನ್ನೆದುರು ನಿಂತಾಗ ನನಗೂ ಮೊದಲು ನಗುವೇ ಬಂದಿತ್ತು.

ಅಂದಿನ ಸ್ಪರ್ಧೆಗೆ ನಿಗದಿಯಾದ ಪಾಠ ಲೂಕನ ಶುಭಸಂದೇಶದ ಮೊದಲ ನಾಲ್ಕು ಅಧ್ಯಾಯಗಳು. ನಲವತ್ತು ಪ್ರಶ್ನೆಗಳು, ಎಲ್ಲವೂ ಬಿಟ್ಟ ಸ್ಥಳ ತುಂಬುವ ಅಥವಾ ಒಂದೇ ಪದದಲ್ಲಿ ಉತ್ತರಿಸುವ ಬಗೆಯವು. ಹದಿನೇಳನೆಯ ಪ್ರಶ್ನೆ ಹೀಗಿತ್ತು: ‘ಮರಿಯಳು ಶಿಶುವನ್ನು ಬಟ್ಟೆಯಲ್ಲಿ ಸುತ್ತಿ ______ಯಲ್ಲಿ ಮಲಗಿಸಿದಳು.’ ಸರಿಯುತ್ತರ ‘ಗೋದಲಿ’ ಎಂಬುದು ನಮ್ಮ ಉತ್ತರಸೂಚಿ. ಬಂದಿದ್ದ ಅರವತ್ತನಾಲ್ಕು ಪತ್ರಿಕೆಗಳನ್ನು ನಾವು ಮೂವರು ಹಂಚಿಕೊಂಡೆವು. ನನ್ನ ಪಾಲಿಗೆ ಬಂದ ಒಂದು ಪತ್ರಿಕೆಯಲ್ಲಿ ಒಬ್ಬ ಹುಡುಗಿ ‘ಗ್ವಾದಲಿ’ ಎಂದು ಬರೆದಿದ್ದಳು. ನಾನು ಅದರ ಮೇಲೆ ಕೆಂಪು ಗೆರೆ ಎಳೆದೆ. ಅದೇ ಮೇಜಿನ ಆಚೆ ಬದಿಯಲ್ಲಿ ನನ್ನ ಸಹತೀರ್ಪುಗಾರರೊಬ್ಬರು ‘ಕೊಟ್ಟಿಗೆ’ ಎಂದು ಬರೆದ ಹುಡುಗನಿಗೆ ಅಂಕ ನೀಡುತ್ತಿದ್ದರು. ಆ ಹುಡುಗನಿಗೆ ನಲವತ್ತಕ್ಕೆ ನಲವತ್ತು ಬಂದವು, ಹುಡುಗಿಗೆ ಮೂವತ್ತೊಂಬತ್ತು.

ಬಹುಮಾನ ವಿತರಣೆ ಮುಗಿದ ಮೇಲೆ ಅವಳ ತಂದೆ ಬಂದರು. ಉತ್ತರ ಕರ್ನಾಟಕದ ಹಳ್ಳಿಯೊಂದರಿಂದ ನಗರಕ್ಕೆ ಗಾರೆ ಕೆಲಸಕ್ಕೆಂದು ಬಂದು ನೆಲೆಸಿದ ಕುಟುಂಬ. ಅವರು ಜಗಳವಾಡಲಿಲ್ಲ, ಕೇಳಿದ್ದು ಒಂದೇ ಪ್ರಶ್ನೆ: “ಫಾದರ್, ನಮ್ಮ ಊರಾಗ ಎತ್ತು ಮೇವು ತಿನ್ನೂದು ಗ್ವಾದಲ್ಯಾಗ್ರಿ. ಎತ್ತು ಕಟ್ಟೂದು ಕೊಟ್ಟಿಗ್ಯಾಗ. ಕೂಸು ಮಲಗಿದ್ದು ಯಾವುದರಾಗ್ರಿ?”

ಉತ್ತರಿಸಲು ನನಗೆ ಬಾಯಿಲ್ಲದಾಯಿತು. ಅಂದು ರಾತ್ರಿ ಅರವತ್ತನಾಲ್ಕು ಪತ್ರಿಕೆಗಳನ್ನೂ ತರಿಸಿಕೊಂಡು ಹದಿನೇಳನೆಯ ಪ್ರಶ್ನೆಯೊಂದನ್ನೇ ಮೊದಲಿನಿಂದ ಕೊನೆಯವರೆಗೆ ನೋಡಿದೆ. ‘ಗೋದಲಿ’ ಎಂದು ಬರೆದವರು ನಲವತ್ತೊಂದು ಮಂದಿ. ‘ಕೊಟ್ಟಿಗೆ’ ಎಂದವರು ಹದಿನಾಲ್ಕು. ‘ಗ್ವಾದಲಿ’, ‘ಗ್ವಾದ್ಲಿ’, ‘ಗೊದಲಿ’ ಎಂದು ಬರೆದವರು ತಲಾ ಒಬ್ಬರಂತೆ ಮೂವರು. ‘ತೊಟ್ಟಿಲು’ ಎಂದವರು ಇಬ್ಬರು. ನಾಲ್ವರು ಏನನ್ನೂ ಬರೆದಿರಲಿಲ್ಲ. ‘ಕೊಟ್ಟಿಗೆ’ ಎಂದ ಹದಿನಾಲ್ವರಲ್ಲಿ ಕೆಲವರಿಗೆ ಅಂಕ ಸಿಕ್ಕಿತ್ತು, ಕೆಲವರಿಗೆ ಇಲ್ಲ. ಅದು ಯಾರ ಕೈಗೆ ಆ ಪತ್ರಿಕೆ ಬಿತ್ತು ಎಂಬುದನ್ನು ಅವಲಂಬಿಸಿತ್ತು. ‘ಗೊದಲಿ’ ಎಂಬ ಹ್ರಸ್ವಕ್ಕೆ ಅಂಕ ಕೊಟ್ಟ ಕೈಯೇ, ಅಂದರೆ ನನ್ನ ಕೈಯೇ, ‘ಗ್ವಾದಲಿ’ಗೆ ಇಲ್ಲವೆಂದಿತ್ತು. ತೀರ್ಪುಗಾರರ ತೀರ್ಮಾನ ಅಂತಿಮವಂತೆ! ಒಂದೇ ಉತ್ತರಕ್ಕೆ ಎರಡು ತೀರ್ಮಾನಗಳು ಒಂದೇ ಮೇಜಿನ ಮೇಲೆ ಇದ್ದುವಲ್ಲ, ಅವುಗಳಲ್ಲಿ ಅಂತಿಮವಾದುದು ಯಾವುದು?

ಈಗ ಈ ಉತ್ತರಗಳನ್ನು ಒಂದೊಂದಾಗಿ ತೂಗಿ ನೋಡೋಣ. ‘ಗ್ವಾದಲಿ’ ಬೇರೊಂದು ಪದವಲ್ಲ. ಶಬ್ದದ ಮೊದಲಿನ ‘ಗೋ’ ಎಂಬುದನ್ನು ‘ಗ್ವಾ’ ಎಂದು ಉಚ್ಚರಿಸುವುದು ನಮ್ಮ ನಾಡಿನ ಉತ್ತರ ಭಾಗದ ಹಳೆಯ ರೂಢಿ. ಗೋಡೆ ಅಲ್ಲಿ ಗ್ವಾಡಿಯಾಗುತ್ತದೆ. ಆ ಹುಡುಗಿ ಮನೆಯಲ್ಲಿ ಕೇಳಿದುದನ್ನು ಬರೆದಳು. ಅವಳು ಸೂಚಿಸಿದ ವಸ್ತು ಮಾತ್ರ ಲೂಕನು ಸೂಚಿಸಿದ ವಸ್ತುವೇ, ದನಗಳಿಗೆ ಮೇವು ಹಾಕುವ ತೊಟ್ಟಿ. ಇನ್ನು ‘ಕೊಟ್ಟಿಗೆ’ ನಿಘಂಟಿನಲ್ಲಿರುವ ಶುದ್ಧವಾದ ಪದ, ಕಾಗುಣಿತದಲ್ಲಿ ಒಂದು ಕೊಂಬೂ ತಪ್ಪಿಲ್ಲ. ಆದರೆ ಅದು ಮೇವಿನ ತೊಟ್ಟಿಯಲ್ಲ, ದನ ಕಟ್ಟುವ ಮನೆ. ಲೂಕನು ತನ್ನ ಎರಡನೆಯ ಅಧ್ಯಾಯದಲ್ಲಿ ಗೋದಲಿಯನ್ನು ಮೂರು ಬಾರಿ ಹೆಸರಿಸುತ್ತಾನೆ. ಕೊಟ್ಟಿಗೆಯನ್ನು ಒಮ್ಮೆಯೂ ಹೆಸರಿಸುವುದಿಲ್ಲ. ಮೇವಿನ ತೊಟ್ಟಿ ಇದ್ದ ಮೇಲೆ ಕೊಟ್ಟಿಗೆ ಇದ್ದಿರಲೇಬೇಕು ಎಂಬುದು ನಮ್ಮ ಊಹೆ. ಎರಡನೆಯ ಶತಮಾನದಲ್ಲಿ ಸಂತ ಜಸ್ಟಿನರು ಅದೊಂದು ಗುಹೆಯೆಂದು ಬರೆದಿದ್ದಾರೆ. ಹೀಗೆ ಅಕ್ಷರ ತಪ್ಪಿದ ಉತ್ತರ ಸರಿಯಾಗಿತ್ತು, ಅಕ್ಷರ ಸರಿಯಿದ್ದ ಉತ್ತರ ತಪ್ಪಾಗಿತ್ತು. ನಾವು ಇದನ್ನು ತಲೆಕೆಳಗು ಮಾಡಿದೆವು.

ಹಾಗಾದರೆ ಹದಿನಾಲ್ಕು ಮಕ್ಕಳು ಒಂದೇ ತಪ್ಪನ್ನು ಏಕೆ ಮಾಡಿದರು? ಒಬ್ಬರನ್ನೊಬ್ಬರು ನೋಡಿ ಬರೆದರೆಂದು ನನ್ನ ಸಹೋದ್ಯೋಗಿ ಹೇಳಿದರು. ಆದರೆ ಆ ಮಕ್ಕಳು ಬೇರೆ ಬೇರೆ ಕೊಠಡಿಗಳಲ್ಲಿದ್ದರು. ಕಾರಣ ನಮ್ಮ ದೇವಾಲಯದ ಅಂಗಳದಲ್ಲಿಯೇ ಇದೆ. 1223ರಲ್ಲಿ ಸಂತ ಫ್ರಾನ್ಸಿಸರು ಗ್ರೆಚ್ಚೊ ಎಂಬ ಊರಿನಲ್ಲಿ ಕ್ರಿಸ್ತಜಯಂತಿಯ ದೃಶ್ಯವನ್ನು ನಿರ್ಮಿಸಿದ ಮೇಲೆ ಹಬ್ಬಿದ ಪದ್ಧತಿಯಂತೆ ನಾವು ಪ್ರತಿ ಡಿಸೆಂಬರಿನಲ್ಲಿ ಹುಲ್ಲು ಹೊದಿಸಿದ ಗುಡಿಸಲನ್ನು ಕಟ್ಟುತ್ತೇವೆ. ಆ ಗುಡಿಸಲು, ಅದರೊಳಗಿನ ಕುರಿ, ಒಂಟೆ, ಮೂವರು ಜ್ಞಾನಿಗಳು ಎಲ್ಲವನ್ನೂ ಒಟ್ಟಾಗಿ ‘ಗೋದಲಿ’ ಎಂದು ಕರೆಯುತ್ತೇವೆ. ಗೋದಲಿ ಸ್ಪರ್ಧೆ, ಗೋದಲಿಯ ಆಶೀರ್ವಾದ ಎನ್ನುತ್ತೇವೆ. ನಗರದಲ್ಲಿ ಹುಟ್ಟಿದ, ಮೇವಿನ ತೊಟ್ಟಿಯನ್ನೇ ಕಾಣದ ಮಗುವಿಗೆ ಗೋದಲಿ ಎಂದರೆ ಆ ಗುಡಿಸಲು. ಗುಡಿಸಲಿಗೆ ಇನ್ನೊಂದು ಹೆಸರು ಕೊಟ್ಟಿಗೆ. ಮಗುವಿನ ತರ್ಕದಲ್ಲಿ ದೋಷವಿಲ್ಲ, ಕಲಿಸಿದ ನಮ್ಮಲ್ಲಿದೆ. ಆದರೂ ಪ್ರಶ್ನೆಯ ಪಾಠ ಲೂಕನ ಶುಭಸಂದೇಶವೆಂದು ಮೊದಲೇ ಪ್ರಕಟಿಸಿದ್ದರಿಂದ ಆ ಉತ್ತರವನ್ನು ನಾನು ಸರಿಯೆಂದು ಒಪ್ಪಲಾರೆ. ಪಾಠವನ್ನು ಹೇಳದೆ ಬರಿದೆ ಕೇಳಿದ್ದರೆ ಆ ಪ್ರಶ್ನೆಯನ್ನೇ ಕೈಬಿಡಬೇಕಾಗುತ್ತಿತ್ತು.

‘ತೊಟ್ಟಿಲು’ ಎಂಬುದರ ಬಗ್ಗೆ ಒಂದು ಮಾತು. ನಾವು ಖಾಲಿ ಜಾಗದ ನಂತರ ‘ಯಲ್ಲಿ’ ಎಂದು ವಿಭಕ್ತಿಪ್ರತ್ಯಯವನ್ನು ಅಚ್ಚು ಹಾಕಿದ್ದೆವು. ತೊಟ್ಟಿಲು ಎಂಬುದಕ್ಕೆ ಅದು ಅಂಟುವುದಿಲ್ಲ, ‘ತೊಟ್ಟಿಲಿನಲ್ಲಿ’ ಎಂದಾಗಬೇಕು. ಜಾಣ ಮಗು ಪ್ರತ್ಯಯವನ್ನು ನೋಡಿಯೇ ಉತ್ತರವನ್ನು ಅರ್ಧ ಊಹಿಸಬಲ್ಲದು. ಪ್ರತ್ಯಯವನ್ನು ಬಿಟ್ಟು ಖಾಲಿ ಜಾಗವನ್ನು ಮಾತ್ರ ಕೊಟ್ಟರೆ ಒಬ್ಬರು ‘ಗೋದಲಿ’ ಎಂದೂ ಮತ್ತೊಬ್ಬರು ‘ಗೋದಲಿಯಲ್ಲಿ’ ಎಂದೂ ಬರೆಯುತ್ತಾರೆ. ಆಗ ಎರಡಕ್ಕೂ ಅಂಕ ಕೊಡಬೇಕು. ಕನ್ನಡದಲ್ಲಿ ಪ್ರಶ್ನೆಪತ್ರಿಕೆ ರಚಿಸುವವರು ಇದನ್ನು ಮೊದಲೇ ಯೋಚಿಸದಿದ್ದರೆ ತಿದ್ದುವಾಗ ಯೋಚಿಸಬೇಕಾಗುತ್ತದೆ, ಆಗ ಎದುರಿಗೆ ಮಕ್ಕಳ ಹೆಸರುಗಳಿರುತ್ತವೆ.

ಹೆಸರುಗಳ ವಿಷಯಕ್ಕೆ ಬಂದರೆ ‘ಗ್ರಂಥದಲ್ಲಿರುವಂತೆಯೇ’ ಎಂಬ ನಿಯಮ ಇನ್ನಷ್ಟು ದುರ್ಬಲವಾಗುತ್ತದೆ. ಯಾವ ಗ್ರಂಥದಲ್ಲಿರುವಂತೆ? ಕನ್ನಡ ಬೈಬಲಿನ ಮೊದಲ ಅಚ್ಚುಗಳು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮುಂತಾದ ಪ್ರೊಟೆಸ್ಟೆಂಟ್ ಮಿಷನರಿಗಳ ಶ್ರಮದಿಂದ ಹೊರಬಂದವು. ಆ ಪರಂಪರೆ ಹೆಸರುಗಳನ್ನು ಹೀಬ್ರೂ ಉಚ್ಚಾರಣೆಗೆ ಹತ್ತಿರವಾಗಿ ‘ಯೆರೂಸಲೇಮ್’, ‘ಯೋಸೇಫ’, ‘ಯೋಹಾನ’ ಎಂದು ಬರೆಯಿತು. ನಮ್ಮ ಕಥೋಲಿಕ ಅನುವಾದ ‘ಜೆರುಸಲೇಮ್’, ‘ಜೋಸೆಫ’, ‘ಯೊವಾನ್ನ’ ಎನ್ನುತ್ತದೆ. ನಮ್ಮ ಪುಸ್ತಕದಲ್ಲಿಯೇ ತಂದೆ ಯಕೋಬನಿಗೆ ‘ಯ’, ಮಗ ಜೋಸೆಫನಿಗೆ ‘ಜ’! ಹೀಬ್ರೂವಿನಲ್ಲಿ ಇಬ್ಬರ ಹೆಸರೂ ಒಂದೇ ಅಕ್ಷರದಿಂದ ಆರಂಭವಾಗುತ್ತದೆ. ಇದು ಅನುವಾದಕರ ದೋಷವೆಂದು ನಾನು ಹೇಳುತ್ತಿಲ್ಲ. ಜನರ ಬಾಯಲ್ಲಿ ನೆಲೆಗೊಂಡ ರೂಪವನ್ನು ಅವರು ಗೌರವಿಸಿದ್ದಾರೆ. ಆದರೆ ಅನುವಾದಕರಿಗೇ ಇಷ್ಟು ಸ್ವಾತಂತ್ರ್ಯವಿದ್ದಾಗ, ಹನ್ನೊಂದು ವರ್ಷದ ಮಗು ‘ಜೆರುಸಲೇಮು’ ಎಂದು ಕನ್ನಡದ ಜಾಯಮಾನಕ್ಕೆ ತಕ್ಕಂತೆ ಕೊನೆಯಲ್ಲಿ ಒಂದು ಉಕಾರ ಸೇರಿಸಿದರೆ ಅಪರಾಧವೇ? ಬಸ್ಸು, ಕಾರು, ಲೈಟು ಎಂದು ನಾವೆಲ್ಲ ಸೇರಿಸುತ್ತಿಲ್ಲವೇ? ‘ಏಸು’ ಮತ್ತು ‘ಯೇಸು’ ಎಂಬ ಎರಡೂ ರೂಪಗಳನ್ನು ನಮ್ಮ ಪ್ರಾರ್ಥನಾ ಪುಸ್ತಕಗಳಲ್ಲಿಯೂ ಗೋರಿಯ ಕಲ್ಲುಗಳ ಮೇಲೂ ನಾನು ಕಂಡಿದ್ದೇನೆ. ಶಬ್ದದ ಆದಿಯ ಎಕಾರವನ್ನು ಕನ್ನಡಿಗರು ಯಕಾರ ಬೆರೆಸಿಯೇ ನುಡಿಯುತ್ತಾರೆ.

ಇಷ್ಟನ್ನು ಕೇಳಿದ ಕೆಲವು ಧರ್ಮೋಪದೇಶ ಶಿಕ್ಷಕರು ಮತ್ತೊಂದು ಅಂಚಿಗೆ ಜಿಗಿಯುತ್ತಾರೆ. ಒಂದೆರಡು ಅಕ್ಷರ ಹೆಚ್ಚುಕಡಿಮೆಯಾದರೆ ಬಿಟ್ಟುಬಿಡೋಣ, ಹತ್ತಿರವಿದ್ದರೆ ಅಂಕ ಕೊಡೋಣ ಎನ್ನುತ್ತಾರೆ. ಇದು ಮೊದಲಿನದಕ್ಕಿಂತ ದೊಡ್ಡ ತಪ್ಪು. ಸಿರಿಯದ ಸೇನಾಪತಿ ನಾಮಾನನ ಕುಷ್ಠವನ್ನು ಗುಣಪಡಿಸಿದ ಪ್ರವಾದಿ ಯಾರು ಎಂಬ ಪ್ರಶ್ನೆಯನ್ನು ತೆಗೆದುಕೊಳ್ಳಿ. ಉತ್ತರ ‘ಎಲೀಷ’. ಒಂದು ಮಗು ‘ಎಲೀಶ’ ಎಂದು ಬರೆಯಿತು, ಇನ್ನೊಂದು ‘ಎಲಿಸ’, ಮತ್ತೊಂದು ‘ಎಲೀಯ’. ಮೂರರಲ್ಲಿಯೂ ವ್ಯತ್ಯಾಸ ಒಂದೆರಡು ಅಕ್ಷರಗಳದ್ದೇ. ಮೊದಲ ಎರಡು ಉತ್ತರಗಳು ನಿಸ್ಸಂದೇಹವಾಗಿ ಸರಿ, ಏಕೆಂದರೆ ಶ, ಷ, ಸಗಳ ಗೊಂದಲ ಕನ್ನಡಿಗರ ನಾಲಿಗೆಯದು ಮತ್ತು ಆ ಅಕ್ಷರಗಳಿಂದ ಸೂಚಿತವಾಗುವ ಬೇರೊಬ್ಬ ಪ್ರವಾದಿ ಇಲ್ಲ. ಮೂರನೆಯದು ನಿಸ್ಸಂದೇಹವಾಗಿ ತಪ್ಪು, ಏಕೆಂದರೆ ಎಲೀಯನು ಎಲೀಷನ ಗುರು, ಬೇರೆಯೇ ವ್ಯಕ್ತಿ. ನಾಮಾನನು ಬರುವ ಹೊತ್ತಿಗೆ ಅವನು ಸುಂಟರಗಾಳಿಯಲ್ಲಿ ಸ್ವರ್ಗಕ್ಕೆ ಒಯ್ಯಲ್ಪಟ್ಟಾಗಿತ್ತು. ಇನ್ನೊಂದೆಡೆ ‘ಜೆರುಸಲೇಮ್’ ಮತ್ತು ‘ಯೆರೂಸಲೇಮು’ಗಳ ನಡುವೆ ಮೂರು ಕಡೆ ವ್ಯತ್ಯಾಸವಿದ್ದರೂ ಊರು ಒಂದೇ. ಆದುದರಿಂದ ಎಷ್ಟು ಅಕ್ಷರ ತಪ್ಪಿತು ಎಂದು ಎಣಿಸುವುದರಿಂದ ಪ್ರಯೋಜನವಿಲ್ಲ. ಈ ಬರಹ ಬೇರೊಂದು ವಸ್ತುವನ್ನೋ ವ್ಯಕ್ತಿಯನ್ನೋ ಸೂಚಿಸುತ್ತದೆಯೇ ಎಂದು ಕೇಳಬೇಕು. ಸೂಚಿಸುವುದಾದರೆ ಅಕ್ಷರವೊಂದೇ ಆದರೂ ತಪ್ಪು. ಸೂಚಿಸದಿದ್ದರೆ ಮತ್ತು ಮಗು ಹೇಳಹೊರಟಿದ್ದು ಯಾರನ್ನು ಎಂಬುದು ಸಂಶಯಕ್ಕೆಡೆಯಿಲ್ಲದೆ ತಿಳಿಯುವುದಾದರೆ ಅದು ಸರಿ.

ಇದಕ್ಕೂ ಒಂದು ಸೂಕ್ಷ್ಮವಿದೆ. ಪ್ರವಾದಿ ಯೆಶಾಯನ ತಂದೆ ಆಮೋಚ. ಪ್ರವಾದಿ ಆಮೋಸ ಬೇರೆ. ಹಳೆಯ ಲತೀನ್ ಬೈಬಲಿನಲ್ಲಿ ಇಬ್ಬರ ಹೆಸರಿಗೂ ಒಂದೇ ಕಾಗುಣಿತ. ಕನ್ನಡದ ಲಿಪಿ ಇಲ್ಲಿ ಲತೀನಿಗಿಂತ ಹೆಚ್ಚು ನಿಖರವಾಗಿದೆ. ಯೆಶಾಯನ ತಂದೆ ಯಾರು ಎಂದು ಕೇಳಿದಾಗ ಮಗು ‘ಆಮೋಸ’ ಎಂದರೆ ಏನು ಮಾಡುವುದು? ನನ್ನ ಅಭಿಪ್ರಾಯದಲ್ಲಿ ಅಂಕವಿಲ್ಲ, ಏಕೆಂದರೆ ಕನ್ನಡದಲ್ಲಿ ಅದು ಇನ್ನೊಬ್ಬನ ಹೆಸರು. ಆದರೆ ಮಕ್ಕಳಿಗೆ ಇಂತಹ ಪ್ರಶ್ನೆಯನ್ನು ಕೇಳುವವರ ಉದ್ದೇಶವಾದರೂ ಏನೆಂದು ನನಗೆ ಸೋಜಿಗ.

ಇನ್ನು ಪರ್ಯಾಯ ಪದಗಳು. ಮೋಶೆಗೆ ದಶಾಜ್ಞೆಗಳು ದೊರೆತ ಬೆಟ್ಟ ಯಾವುದು? ವಿಮೋಚನಾಕಾಂಡ ಸೀನಾಯಿ ಎನ್ನುತ್ತದೆ, ಧರ್ಮೋಪದೇಶಕಾಂಡದ ಐದನೆಯ ಅಧ್ಯಾಯ ಹೋರೇಬ್ ಎನ್ನುತ್ತದೆ. ‘ಹೋರೇಬ್’ ಎಂದು ಬರೆದ ಮಗುವಿಗೆ ಅಂಕ ಕೊಡದವರು ತಾವು ಧರ್ಮೋಪದೇಶಕಾಂಡವನ್ನು ಓದಿಲ್ಲವೆಂದು ಪ್ರಕಟಪಡಿಸಿದಂತೆ. ಸುಂಕದ ಕಟ್ಟೆಯಿಂದ ಯೇಸು ಕರೆದ ಶಿಷ್ಯ ಯಾರು? ಮತ್ತಾಯನ ಶುಭಸಂದೇಶದಲ್ಲಿ ಅವನು ಮತ್ತಾಯ, ಮಾರ್ಕ ಮತ್ತು ಲೂಕರಲ್ಲಿ ಲೇವಿ. ಎರಡೂ ಸರಿ. ಆದರೆ ನತಾನಿಯೇಲನೇ ಬಾರ್ತೊಲೊಮಾಯನೆಂಬುದು ಪವಿತ್ರ ಗ್ರಂಥ ಎಲ್ಲಿಯೂ ಹೇಳದ, ಪರಂಪರೆ ಮಾತ್ರ ಹೇಳುವ ಮಾತು. ಅಂಜೂರದ ಮರದ ಕೆಳಗಿದ್ದವನು ಯಾರು ಎಂದರೆ ನಾನು ‘ಬಾರ್ತೊಲೊಮಾಯ’ ಎಂಬುದನ್ನು ಒಪ್ಪಲಾರೆ. ಎರಡು ಹೆಸರುಗಳು ಸಮಾನವೆಂದು ಹೇಳುವವರು ಯಾವ ಆಧಾರದಿಂದ ಹೇಳುತ್ತಿದ್ದೇವೆ ಎಂಬುದನ್ನು ಬೆರಳಿಟ್ಟು ತೋರಿಸಬೇಕು. ತೋರಿಸಲಾಗದ ಔದಾರ್ಯ ಇನ್ನೊಂದು ಮಗುವಿಗೆ ಮಾಡುವ ಮೋಸ.

ಅಕ್ಷರವೇ ಪ್ರಮಾಣವೆಂಬ ನನ್ನ ಮಿತ್ರರಿಗೆ ನಾನು ನ್ಯಾಯಸ್ಥಾಪಕರ ಗ್ರಂಥದ ಹನ್ನೆರಡನೆಯ ಅಧ್ಯಾಯವನ್ನು ನೆನಪಿಸಬಯಸುತ್ತೇನೆ. ಗಿಲ್ಯಾದಿನವರು ಜೋರ್ಡನ್ ನದಿಯ ಹಾಯಗಡಗಳನ್ನು ಹಿಡಿದು, ದಾಟಲು ಬಂದ ಪ್ರತಿಯೊಬ್ಬನಿಗೂ ‘ಷಿಬ್ಬೋಲೆತ್’ ಎಂದು ಹೇಳಲು ಆಜ್ಞಾಪಿಸಿದರು. ಎಫ್ರಯಿಮಿನವರಿಗೆ ಆ ಷಕಾರ ಬಾರದು. ‘ಸಿಬ್ಬೋಲೆತ್’ ಎಂದವರನ್ನು ಅಲ್ಲಿಯೇ ಕೊಂದರು. ಸತ್ತವರು ನಲವತ್ತೆರಡು ಸಾವಿರ ಎನ್ನುತ್ತದೆ ಗ್ರಂಥ. ಆ ಪದದ ಅರ್ಥ ಬಂದವರಿಗೆ ತಿಳಿದಿದೆಯೇ ಎಂದು ಅಲ್ಲಿ ಯಾರೂ ಕೇಳಲಿಲ್ಲ, ಅರ್ಥ ಇಬ್ಬರಿಗೂ ತಿಳಿದಿತ್ತು. ಪರೀಕ್ಷೆ ನಡೆದದ್ದು ನೀನು ಯಾವ ದಡದವನು ಎಂಬುದಕ್ಕೆ. ನಮ್ಮ ಧರ್ಮಕೇಂದ್ರಗಳಲ್ಲಿ ಮನೆಯಲ್ಲಿ ಕೊಂಕಣಿಯಾಡುವ ಮಕ್ಕಳಿದ್ದಾರೆ, ತಮಿಳಾಡುವವರಿದ್ದಾರೆ, ತೆಲುಗಾಡುವವರಿದ್ದಾರೆ, ಗ್ವಾದಲಿ ಎನ್ನುವವರಿದ್ದಾರೆ. ತಮಿಳಿನ ಲಿಪಿಯಲ್ಲಿ ಪ, ಬಗಳಿಗೆ ಒಂದೇ ಅಕ್ಷರ. ಆ ಮನೆಯ ಮಗು ‘ಪೆತ್ಲೆಹೇಮ್’ ಎಂದು ಬರೆದರೆ ಅದರ ಅಜ್ಜಿಯ ಪ್ರಾರ್ಥನಾ ಪುಸ್ತಕದ ಅಕ್ಷರ ಅದು. ಅದಕ್ಕೆ ಸೊನ್ನೆ ಕೊಟ್ಟಾಗ ನಾವು ಅಳೆದದ್ದು ಬೈಬಲ್ ಜ್ಞಾನವನ್ನೇ?

ವಿರೋಧವಾಗಿ ಬರುವ ಮಾತುಗಳು ನನಗೆ ಗೊತ್ತು. ಹೀಗೆ ಬಿಟ್ಟರೆ ಮಕ್ಕಳ ಕನ್ನಡ ಕೆಡುತ್ತದೆ ಎನ್ನುತ್ತಾರೆ. ಕನ್ನಡ ಭಾಷೆಯ ಪರೀಕ್ಷೆಯಾದರೆ ನಾನೂ ಅಲ್ಪಪ್ರಾಣ ಮಹಾಪ್ರಾಣಗಳಿಗೆ ಅಂಕ ಕಳೆಯುತ್ತೇನೆ. ‘ಧನ’ ಎಂಬಲ್ಲಿ ‘ದನ’ ಬರೆದರೆ ಸಂಪತ್ತು ಹೋಗಿ ಹಸು ಬರುತ್ತದೆ. ಆದರೆ ಆ ಪರೀಕ್ಷೆಯಲ್ಲಿ ಕಾಗುಣಿತಕ್ಕೆ ಅಂಕವಿದೆಯೆಂದು ಮೊದಲೇ ಹೇಳಿರುತ್ತೇವೆ. ರಸಪ್ರಶ್ನೆಯಲ್ಲಿ ತಪ್ಪು ಕಾಗುಣಿತದ ಕೆಳಗೆ ಗೆರೆ ಎಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆದು ಅಂಕವನ್ನೂ ಕೊಡಬಹುದಲ್ಲ? ಮತ್ತೆ ಕೆಲವರು ಅರ್ಧ ಅಂಕದ ಉಪಾಯ ಹೇಳುತ್ತಾರೆ. ಒಂದು ಅಂಕದ, ಒಂದು ಪದದ ಉತ್ತರಕ್ಕೆ ಅರ್ಧ ಅಂಕವೆಂದರೆ ನಿರ್ಧರಿಸಲು ಧೈರ್ಯವಿಲ್ಲದವರ ತೀರ್ಪು ಎಂದೇ ನನ್ನ ಎಣಿಕೆ. ಮಗು ಎಲೀಷನನ್ನು ಹೇಳಿತೋ ಇಲ್ಲವೋ. ಅರ್ಧ ಎಲೀಷನೆಂಬವನು ಇಲ್ಲ.

ಅಕ್ಷರಶಃ ನೋಡುವುದೇ ನಿಷ್ಪಕ್ಷಪಾತ, ಉಳಿದದ್ದೆಲ್ಲ ತೀರ್ಪುಗಾರನ ಮರ್ಜಿ ಎಂಬ ವಾದವೊಂದು ಮಾತ್ರ ಗಂಭೀರವಾದುದು. ಮರ್ಜಿಯ ಭಯ ನಿಜ, ನನ್ನ ಮೇಜೇ ಅದಕ್ಕೆ ಸಾಕ್ಷಿ. ಅದಕ್ಕೆ ಪರಿಹಾರ ತಿದ್ದುವ ಕ್ರಮದಲ್ಲಿದೆ. ಆ ರಾತ್ರಿಯ ನಂತರ ನಾವು ಪಾಲಿಸುತ್ತಿರುವ ಕ್ರಮವನ್ನು ಹೇಳುತ್ತೇನೆ. ಪ್ರಶ್ನೆಪತ್ರಿಕೆ ಅಚ್ಚಿಗೆ ಹೋಗುವ ಮೊದಲು, ಅದನ್ನು ರಚಿಸದ ಇಬ್ಬರು ಹಿರಿಯರಿಗೆ, ಸಾಧ್ಯವಾದರೆ ಬೇರೆ ಬೇರೆ ಮನೆಮಾತಿನವರಿಗೆ, ಉತ್ತರಸೂಚಿಯಿಲ್ಲದೆ ಬರೆಯಲು ಕೊಡುತ್ತೇವೆ. ಅವರ ಉತ್ತರ ನಮ್ಮ ಸೂಚಿಗಿಂತ ಬೇರೆಯಾದ ಕಡೆಯಲ್ಲೆಲ್ಲ ಒಂದೋ ಪ್ರಶ್ನೆಯನ್ನು ಬಿಗಿಗೊಳಿಸುತ್ತೇವೆ, ಇಲ್ಲವೇ ಆ ಉತ್ತರವನ್ನೂ ಸೂಚಿಗೆ ಸೇರಿಸುತ್ತೇವೆ. ಸೂಚಿಯಲ್ಲಿ ಒಪ್ಪತಕ್ಕ ರೂಪಗಳ ಎದುರಿಗೆ ಒಪ್ಪಬಾರದ ರೂಪಗಳನ್ನೂ ಬರೆದಿಡುತ್ತೇವೆ. ಎಲೀಷನ ಎದುರು ಎಲೀಯ.

ತಿದ್ದುವಾಗ ಒಬ್ಬೊಬ್ಬರಿಗೆ ಇಷ್ಟಿಷ್ಟು ಪತ್ರಿಕೆಗಳೆಂದು ಹಂಚುವುದನ್ನು ಬಿಟ್ಟೆವು. ಒಬ್ಬೊಬ್ಬರಿಗೆ ಇಷ್ಟಿಷ್ಟು ಪ್ರಶ್ನೆಗಳು. ಹದಿನೇಳನೆಯ ಪ್ರಶ್ನೆಯನ್ನು ಎಲ್ಲ ಪತ್ರಿಕೆಗಳಲ್ಲಿಯೂ ಒಬ್ಬರೇ ನೋಡುತ್ತಾರೆ. ಹೆಸರಿನ ಭಾಗವನ್ನು ಮಡಿಚಿ ಪಿನ್ನು ಹಾಕಿರುತ್ತದೆ. ಸೂಚಿಯಲ್ಲಿಲ್ಲದ ಉತ್ತರ ಎದುರಾದರೆ ಸರಿ ತಪ್ಪು ಎರಡನ್ನೂ ಹಾಕದೆ ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತಾರೆ. ಕೊನೆಯಲ್ಲಿ ಮೂವರೂ ಕುಳಿತು ಆ ಹಾಳೆಯ ಮೇಲೆ ತೀರ್ಮಾನಿಸುತ್ತೇವೆ, ಬಳಿಕ ಆ ಉತ್ತರವಿರುವ ಪ್ರತಿಯೊಂದು ಪತ್ರಿಕೆಗೂ ಹಿಂದಿರುಗುತ್ತೇವೆ. ಹಿಂದಿರುಗುವ ಈ ಕೆಲಸವನ್ನೇ ಎಲ್ಲರೂ ಬಿಡುವುದು. ಮೂರನೆಯ ಪತ್ರಿಕೆಯಲ್ಲಿ ತಪ್ಪೆಂದುದನ್ನು ಐವತ್ತನೆಯ ಪತ್ರಿಕೆಯಲ್ಲಿ ಮನಸ್ಸು ಕರಗಿ ಸರಿಯೆಂದು, ಮೂರನೆಯದನ್ನು ಹಾಗೆಯೇ ಬಿಟ್ಟರೆ ಔದಾರ್ಯವೇ ಅನ್ಯಾಯವಾಗುತ್ತದೆ. ಒಂದೇ ತಪ್ಪು ಉತ್ತರ ಹಲವರಲ್ಲಿ ಕಂಡರೆ ಮಕ್ಕಳನ್ನು ಬಿಟ್ಟು ಪ್ರಶ್ನೆಯನ್ನೇ ಮೊದಲು ಪರೀಕ್ಷಿಸುತ್ತೇವೆ. ಇಷ್ಟಕ್ಕೆಲ್ಲ ಅರವತ್ತು ಪತ್ರಿಕೆಗಳಿಗೆ ಹಿಂದಿನದಕ್ಕಿಂತ ಒಂದು ಗಂಟೆ ಹೆಚ್ಚು ಹಿಡಿಯುತ್ತದೆ.

2020ರಲ್ಲಿ ಮಹಾಮಾರಿಯ ಕಾರಣ ದೇವಾಲಯಗಳು ಮುಚ್ಚಿದಾಗ ಸ್ಪರ್ಧೆ ಗೂಗಲ್ ಫಾರ್ಮಿಗೆ ಹೋಯಿತು. ಇನ್ನು ಪಕ್ಷಪಾತದ ಮಾತಿಲ್ಲ, ಯಂತ್ರವೇ ತಿದ್ದುತ್ತದೆ ಎಂದು ಯುವಕರು ಸಂಭ್ರಮಿಸಿದರು. ಫಿಲಿಷ್ಟಿಯರ ಮಂದಿರವನ್ನು ಕೆಡವಿದವನು ಯಾರೆಂಬ ಪ್ರಶ್ನೆಗೆ ಒಬ್ಬ ಬಾಲಕ ‘ಸಂಸೋನ’ ಎಂದು ಸರಿಯಾಗಿಯೇ ಬರೆದಿದ್ದನು. ಯಂತ್ರ ತಪ್ಪೆಂದಿತು. ಪರದೆಯ ಮೇಲೆ ಸೂಚಿಯ ಪದವನ್ನೂ ಅವನ ಪದವನ್ನೂ ಅಕ್ಕಪಕ್ಕ ಇಟ್ಟು ನೋಡಿದರೂ ನಮಗೆ ವ್ಯತ್ಯಾಸ ಕಾಣಲಿಲ್ಲ. ಕೊನೆಗೆ ತಿಳಿದದ್ದು ಇಷ್ಟು: ಅನುಸ್ವಾರದ ಬದಲು ಅವನ ಬೆರಳು ಕನ್ನಡ ಅಂಕಿಯ ಸೊನ್ನೆಯನ್ನು ಒತ್ತಿತ್ತು. ಕಣ್ಣಿಗೆ ‘ಸಂಸೋನ’ ಮತ್ತು ‘ಸ೦ಸೋನ’ ಒಂದೇ; ಯಂತ್ರಕ್ಕೆ ಒಂದರಲ್ಲಿ ಅಕ್ಷರ, ಇನ್ನೊಂದರಲ್ಲಿ ಸಂಖ್ಯೆ. ಆ ಫಾರ್ಮಿನಲ್ಲಿ ಒಂದು ಪ್ರಶ್ನೆಗೆ ಹಲವು ಸರಿಯುತ್ತರಗಳನ್ನು ಸೇರಿಸಲು ಅವಕಾಶವಿದೆ. ಉಳಿದೆಲ್ಲವನ್ನೂ ತಪ್ಪೆಂದು ಪರಿಗಣಿಸು ಎಂಬ ಗುರುತನ್ನು ಹಾಕದೆ ಬಿಟ್ಟು, ಉಳಿದವನ್ನು ನಾವೇ ನೋಡಲೂಬಹುದು. ನಮ್ಮವರು ಒಂದೇ ಉತ್ತರವನ್ನು ಕೊಟ್ಟು ಆ ಗುರುತನ್ನು ಹಾಕಿದ್ದರು. ಯಂತ್ರ ನಿಷ್ಪಕ್ಷಪಾತವಾಗಿಯೇ ನಡೆದುಕೊಂಡಿತು, ನಾವು ಹೇಳಿಕೊಟ್ಟ ಮೂರ್ಖತನವನ್ನು ಎಲ್ಲರಿಗೂ ಸಮನಾಗಿ ಹಂಚಿತು.

ಕ್ರಮವೆಲ್ಲ ಸರಿಯಿದ್ದರೂ ಮೂವರೂ ಒಮ್ಮತಕ್ಕೆ ಬಾರದ ಉತ್ತರಗಳು ಉಳಿದೇ ಉಳಿಯುತ್ತವೆ. ಕಳೆದ ಸ್ಪರ್ಧೆಯಲ್ಲಿ ಯೇಸುಸ್ವಾಮಿ ಜನಿಸಿದ ಊರು ಯಾವುದು ಎಂದು ಕೇಳಿದ್ದೆವು. ಒಂದು ಪತ್ರಿಕೆಯಲ್ಲಿ ‘ದಾವೀದನ ಊರು’ ಎಂದಿತ್ತು. ಸಮುವೇಲನ ಎರಡನೆಯ ಗ್ರಂಥದಲ್ಲಿ ದಾವೀದನ ನಗರವೆಂದರೆ ಸಿಯೋನಿನ ಕೋಟೆ, ಅಂದರೆ ಜೆರುಸಲೇಮ್. ಆದುದರಿಂದ ಇದು ತಪ್ಪು ಎಂದರು ಒಬ್ಬ ಸಿಸ್ಟರ್. ಕೇಳಿದ್ದು ಊರಿನ ಹೆಸರು, ಬರೆದದ್ದು ವರ್ಣನೆ ಎಂದರು ನಮ್ಮ ಉಪದೇಶಿಗಳು. ನಾನು ಲೂಕನ ಎರಡನೆಯ ಅಧ್ಯಾಯವನ್ನು ತೆರೆದು ಹನ್ನೊಂದನೆಯ ವಚನದ ಮೇಲೆ ಬೆರಳಿಟ್ಟೆ. ಕುರುಬರಿಗೆ ದೇವದೂತನು ಊರನ್ನು ಗುರುತಿಸಿದ್ದು ಆ ಮಾತಿನಿಂದಲೇ. ಬೆತ್ಲೆಹೇಮ್ ಎಂದು ಅವನು ಹೇಳಲಿಲ್ಲ. ಅರ್ಧ ಗಂಟೆಯ ವಾದವಾಯಿತು. ಕೊನೆಗೆ ಉಪದೇಶಿಗಳು ನನ್ನ ಕಡೆ ಬಂದರು, ಸಿಸ್ಟರ್ ಬರಲಿಲ್ಲ. ಎರಡಕ್ಕೆ ಒಂದರಂತೆ ಅಂಕ ನೀಡಿ, ಹಾಳೆಯ ಕೆಳಗೆ ಅವರ ಭಿನ್ನಾಭಿಪ್ರಾಯವನ್ನೂ ಬರೆದು ಸಹಿ ಹಾಕಿದೆವು. ಆ ಹಾಳೆ ಧರ್ಮಕೇಂದ್ರದ ಕಚೇರಿಯಲ್ಲಿದೆ, ಯಾವ ತಂದೆತಾಯಿಯೂ ಬಂದು ನೋಡಬಹುದು.